ನಟ್ಟಿನ ಲೆಕ್ಕ: ನಡುವೆ ರಂಧ್ರವಿರುವ ಷಡ್ಭುಜ ಪಟ್ಟಕದ ಘನಫಲ, ಮೇಲ್ಮೈ

ನಿಯಮಿತ ಷಡ್ಭುಜ ಪಟ್ಟಕದ ನಡುವೆ ಆರುಪಾರು ದುಂಡಗಿನ ರಂಧ್ರ ಕೊರೆದರೆ ಸಿಗುವ ಆಕಾರ ಎಲ್ಲರೂ ಕೈಯಲ್ಲಿ ಹಿಡಿದಿರುವಂಥದ್ದೇ: ಬೋಲ್ಟಿಗೆ ಹಾಕುವ ನಟ್ಟು. ಅದರ ಘನಫಲ ತಿಳಿದರೆ ಎಷ್ಟು ಉಕ್ಕು ಬೇಕೆಂದು ಹೇಳಬಹುದು. ಮೇಲ್ಮೈ ವಿಸ್ತೀರ್ಣ ತಿಳಿದರೆ ಎಷ್ಟು ಸತುವಿನ ಲೇಪ ಬೇಕೆಂದು ಹೇಳಬಹುದು.

ಉದಾಹರಣೆಗೆ ಎಂ20 ನಟ್ಟನ್ನು ತೆಗೆದುಕೊಳ್ಳೋಣ. ಇದಕ್ಕೆ 30ರ ಸ್ಪ್ಯಾನರ್ ಕೂರುತ್ತದೆ. ಅಂದರೆ ಎದುರುಬದುರಿನ ಎರಡು ಚಪ್ಪಟೆ ಮುಖಗಳ ನಡುವಿನ ಅಂತರ 30 ಮಿ.ಮೀ. ಎತ್ತರ 18 ಮಿ.ಮೀ. ಇರಲಿ. ಥ್ರೆಡ್ ಹಾಕುವ ಮೊದಲು ಇದಕ್ಕೆ 17.5 ಮಿ.ಮೀ. ಡ್ರಿಲ್ಲಿನಿಂದ ರಂಧ್ರ ಕೊರೆಯುತ್ತಾರೆ. ಲೆಕ್ಕಕ್ಕೆ ಈ ಮೂರು ಅಳತೆ ಸಾಕು.

ನಿಯಮಿತ ಷಡ್ಭುಜವನ್ನು ಕೇಂದ್ರದಿಂದ ಮೂಲೆಗಳಿಗೆ ಗೆರೆ ಎಳೆದು ಸೀಳಿದರೆ ಆರು ಸಮಬಾಹು ತ್ರಿಭುಜಗಳಾಗುತ್ತವೆ. ಬಾಹು a ಆದರೆ ಒಂದೊಂದರ ವಿಸ್ತೀರ್ಣ (√3/4)a², ಆರೂ ಸೇರಿ (3√3/2)a². ಆದರೆ ವರ್ನಿಯರ್ ಹಿಡಿದು ಅಳೆಯಲು ಸುಲಭವಾಗಿ ಸಿಗುವುದು ಬಾಹುವಲ್ಲ, ಮುಖಗಳ ನಡುವಿನ ಅಂತರ. ಅದನ್ನು s ಎನ್ನೋಣ. ಪ್ರತಿ ತ್ರಿಭುಜದ ಎತ್ತರ s/2 ಆಗುವುದರಿಂದ a = s/√3, ಷಡ್ಭುಜದ ವಿಸ್ತೀರ್ಣ (√3/2)s². ಇಲ್ಲಿ ಬಾಹು 17.32 ಮಿ.ಮೀ., ವಿಸ್ತೀರ್ಣ 779.4 ಚದರ ಮಿ.ಮೀ.

ತಪ್ಪು ನುಸುಳುವುದು ಹೆಚ್ಚಾಗಿ ಇದೇ ಹಂತದಲ್ಲಿ. 30ನ್ನೇ ಬಾಹುವೆಂದು ಸೂತ್ರಕ್ಕೆ ಹಾಕಿದರೆ ಷಡ್ಭುಜದ ವಿಸ್ತೀರ್ಣ ಸರಿಯಾಗಿ ಮೂರು ಪಟ್ಟು ಬರುತ್ತದೆ, ಏಕೆಂದರೆ s² ಎಂದರೆ 3a². ಇದನ್ನು ಹಿಡಿಯುವ ದಾರಿ ಸುಲಭ: 30 ಮಿ.ಮೀ. ಬದಿಯ ಚೌಕದ ವಿಸ್ತೀರ್ಣ 900. ಷಡ್ಭುಜದ ವಿಸ್ತೀರ್ಣ ಅದಕ್ಕಿಂತ ಸ್ವಲ್ಪ ಕಡಿಮೆ ಇರಬೇಕು, ಸುಮಾರು ಶೇ. 87. ಉತ್ತರ 2,338 ಎಂದು ಬಂದರೆ ಬಾಹು ತಪ್ಪಾಗಿದೆ ಎಂದೇ ಅರ್ಥ.

ಇನ್ನು ರಂಧ್ರ. ಅದರ ತ್ರಿಜ್ಯ r = 8.75 ಮಿ.ಮೀ., ಆದ್ದರಿಂದ πr² = 240.5 ಚದರ ಮಿ.ಮೀ. ಷಡ್ಭುಜದಿಂದ ಇದನ್ನು ಕಳೆದರೆ ಉಳಿಯುವುದು 538.9. ಅದನ್ನು ಎತ್ತರ 18ರಿಂದ ಗುಣಿಸಿದರೆ ಘನಫಲ ಸುಮಾರು 9,700 ಘನ ಮಿ.ಮೀ., ಅಂದರೆ 9.7 ಘನ ಸೆಂ.ಮೀ. ಒಂದು ಘನ ಸೆಂ.ಮೀ. ಉಕ್ಕಿಗೆ 7.85 ಗ್ರಾಂ ಹಿಡಿದರೆ ತೂಕ 76 ಗ್ರಾಂ. ನಿಜವಾದ ನಟ್ಟು ಇದಕ್ಕಿಂತ ತುಸು ಹಗುರ. ಮೂಲೆಗಳನ್ನು ಓರೆಯಾಗಿ ತರಿದಿರುತ್ತಾರೆ, ರಂಧ್ರದ ಬಾಯನ್ನು ಅಗಲಿಸಿರುತ್ತಾರೆ, ಥ್ರೆಡ್ಡಿನ ಗಾಡಿಯೂ ಒಂದಿಷ್ಟು ಲೋಹವನ್ನು ತಿಂದಿರುತ್ತದೆ.

ಮೇಲ್ಮೈಯ ಲೆಕ್ಕದಲ್ಲಿ ಬರೀ ಕಳೆಯುವ ಕೆಲಸವಿಲ್ಲ, ಕೂಡಿಸುವುದೂ ಇದೆ. ಮೇಲೆ ಕೆಳಗೆ ಎರಡು ಮುಖಗಳಿಂದ ರಂಧ್ರದ ವೃತ್ತ ಹೋಗುತ್ತದೆ. ಉಳಿಯುವುದು 2 × 538.9 = 1,077.8. ಹೊರಗಿನ ಆರು ಬದಿಗಳು 6 × 17.32 × 18, ಅಂದರೆ 1,870.6. ರಂಧ್ರದ ಒಳಗೋಡೆ ಹೊಸದಾಗಿ ಹುಟ್ಟಿದ ಮೇಲ್ಮೈ: 2πrh = 989.6. ಒಟ್ಟು 3,938 ಚದರ ಮಿ.ಮೀ. ಒಳಗೋಡೆಯನ್ನು ಮರೆತರೆ ಸುಮಾರು ಕಾಲು ಭಾಗವೇ ಲೆಕ್ಕದಿಂದ ಜಾರಿಹೋಗುತ್ತದೆ. ಲೇಪದ ದ್ರಾವಣಕ್ಕಂತೂ ಒಳಗು ಹೊರಗು ಎಂಬ ಭೇದವಿಲ್ಲ.

ಇಲ್ಲೊಂದು ಸೊಗಸಾದ ಸಂಗತಿಯಿದೆ. ರಂಧ್ರವಿಲ್ಲದ ಇಡೀ ಪಟ್ಟಕದ ಮೇಲ್ಮೈ 3,429.5 ಚದರ ಮಿ.ಮೀ. ಮಾತ್ರ. ಲೋಹ ತೆಗೆದ ಮೇಲೆ ಅದು ಸುಮಾರು 508 ಚದರ ಮಿ.ಮೀ. ಹೆಚ್ಚಾಗಿದೆ. ರಂಧ್ರದಿಂದ ಸಿಕ್ಕಿದ್ದು 2πrh, ಹೋದದ್ದು 2πr². ವ್ಯತ್ಯಾಸ 2πr(h − r). ಷಡ್ಭುಜದ ಅಳತೆ ಇದರಲ್ಲಿ ಎಲ್ಲೂ ಬರುವುದಿಲ್ಲ. ಎತ್ತರ ರಂಧ್ರದ ತ್ರಿಜ್ಯಕ್ಕಿಂತ ಹೆಚ್ಚಿದ್ದರೆ ಮೇಲ್ಮೈ ಹೆಚ್ಚುತ್ತದೆ, ಕಡಿಮೆಯಿದ್ದರೆ ಕುಗ್ಗುತ್ತದೆ, ಎರಡೂ ಸಮನಾದರೆ ಕೊರೆದರೂ ಬದಲಾಗುವುದಿಲ್ಲ. ಇದೇ ನಟ್ಟನ್ನು 3 ಮಿ.ಮೀ. ದಪ್ಪದ ತಗಡಿನಿಂದ ಮಾಡಿದ್ದರೆ ಅದೇ ರಂಧ್ರ ಮೇಲ್ಮೈಯನ್ನು 316 ಚದರ ಮಿ.ಮೀ.ನಷ್ಟು ಇಳಿಸುತ್ತಿತ್ತು.

ಈ ಸೂತ್ರಗಳಿಗೆ ಒಂದು ಎಲ್ಲೆಯೂ ಇದೆ: ರಂಧ್ರದ ವ್ಯಾಸ s ಗಿಂತ ಕಡಿಮೆ ಇರಲೇಬೇಕು. ಗೋಡೆ ಅತಿ ತೆಳ್ಳಗಿರುವುದು ಪ್ರತಿ ಬದಿಯ ನಡುಮಧ್ಯದಲ್ಲಿ, ಇಲ್ಲಿ 6.25 ಮಿ.ಮೀ.; ಮೂಲೆಯಲ್ಲಿ ಅದು 8.57 ಮಿ.ಮೀ. ರಂಧ್ರವನ್ನು ಹಿಗ್ಗಿಸುತ್ತಾ ಹೋದರೆ ಮೊದಲು ಒಡೆಯುವುದು ಬದಿಯ ನಡುಭಾಗ. ವ್ಯಾಸ 30 ಮಿ.ಮೀ. ಮುಟ್ಟಿದಾಗ ಆರು ಬದಿಗಳೂ ಒಟ್ಟಿಗೆ ಸೀಳಿ, ಆರು ಮೂಲೆಗಳು ಬಿಡಿ ತುಂಡುಗಳಾಗಿ ಉದುರುತ್ತವೆ.