ಸದ್ದು ನಿಂತ ಆಂಪ್ಲಿಫೈಯರ್: ಒಂದು ಸಲಕ್ಕೆ ಒಂದೇ ಬದಲಾವಣೆ

ಹಾಡು ಕೇಳಿಸುವ ಯಾವ ಸಾಧನವನ್ನು ತೆಗೆದುಕೊಂಡರೂ ಅದರಲ್ಲಿ ಎರಡು ದಾರಿಗಳಿರುತ್ತವೆ. ಒಂದು ಕರೆಂಟಿನ ದಾರಿ. ಗೋಡೆಯ ಸಾಕೆಟ್ಟಿನಿಂದಲೋ ಬ್ಯಾಟರಿಯಿಂದಲೋ ಹೊರಟು, ಅಡಾಪ್ಟರ್, ಪಿನ್, ಸ್ವಿಚ್ ದಾಟಿ ಒಳಗಿನ ಬೋರ್ಡನ್ನು ತಲುಪುತ್ತದೆ. ಇನ್ನೊಂದು ಸದ್ದಿನ ದಾರಿ. ಮೊಬೈಲಿನಿಂದ ಹೊರಟು ಕೇಬಲ್, ಆಂಪ್ಲಿಫೈಯರ್, ಸ್ಪೀಕರ್ ವೈರ್ ಹಾದು ಸ್ಪೀಕರಿನಲ್ಲಿ ಕೊನೆಯಾಗುತ್ತದೆ. ರೇಡಿಯೋ, ಬ್ಲೂಟೂತ್ ಸ್ಪೀಕರ್, ಭಜನಾ ಮಂದಿರದ ಮೈಕ್ ಸೆಟ್ ಎಲ್ಲದರಲ್ಲೂ ಇವೇ ಎರಡು ದಾರಿಗಳು. ಸಾಧನ ಸುಮ್ಮನಾಗಿದೆ ಎಂದರೆ ಈ ಎರಡರಲ್ಲಿ ಒಂದು ಎಲ್ಲೋ ಒಂದು ಕಡೆ ಕಡಿದಿದೆ ಎಂದರ್ಥ. ಕಡಿದ ಜಾಗ ಯಾವುದೆಂದು ಕಂಡುಹಿಡಿಯುವುದೇ ಕೆಲಸ. ಸರಿಪಡಿಸುವುದು ಆಮೇಲಿನ ಮಾತು, ಹೆಚ್ಚಿನ ಸಲ ಅದು ಐದು ನಿಮಿಷದ್ದು.

‘ಕೆಟ್ಟುಹೋಗಿದೆ’ ಎಂಬ ಮಾತು ಹುಡುಕಾಟಕ್ಕೆ ಸಾಲದು. ಲೈಟೇ ಹತ್ತುತ್ತಿಲ್ಲವೋ, ಲೈಟ್ ಹತ್ತಿಯೂ ಸದ್ದಿಲ್ಲವೋ, ಒಂದೇ ಕಡೆಯ ಸ್ಪೀಕರ್ ನಿಂತಿದೆಯೋ, ಬಂದು ಬಂದು ಹೋಗುತ್ತಿದೆಯೋ ಎಂಬುದನ್ನು ಮೊದಲು ನೋಡಬೇಕು. ಲೈಟ್ ಇಲ್ಲದಿದ್ದರೆ ಕರೆಂಟಿನ ದಾರಿಯಿಂದ ಶುರು ಮಾಡಬೇಕು. ಲೈಟ್ ಇದ್ದು ಸದ್ದಿಲ್ಲದಿದ್ದರೆ ಸಾಮಾನ್ಯವಾಗಿ ಸದ್ದಿನ ದಾರಿಯನ್ನು ಹಿಡಿಯಬೇಕು. ಈ ಒಂದು ಪ್ರಶ್ನೆಯಿಂದಲೇ ಅರ್ಧ ಭಾಗಗಳು ಸಂಶಯದ ಪಟ್ಟಿಯಿಂದ ಆಚೆ ಹೋಗುತ್ತವೆ.

ಇದಾದ ಮೇಲೆ ಪಾಲಿಸಬೇಕಾದ ಮುಖ್ಯ ನಿಯಮ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದು. ಅಡಾಪ್ಟರನ್ನೂ ಕೇಬಲನ್ನೂ ಒಟ್ಟಿಗೆ ಬದಲಿಸಿದಾಗ ಹಾಡು ಬಂದರೆ, ಕೆಟ್ಟಿದ್ದು ಯಾವುದೆಂದು ತಿಳಿಯುವುದಿಲ್ಲ. ಎರಡನ್ನೂ ಬಿಸಾಡಿದರೆ ಒಂದು ಒಳ್ಳೆಯ ವಸ್ತು ವ್ಯರ್ಥ, ಎರಡನ್ನೂ ಎತ್ತಿಟ್ಟರೆ ಕೆಟ್ಟದ್ದು ಮುಂದೊಂದು ದಿನ ಮತ್ತೆ ಬಳಕೆಗೆ ಬರುತ್ತದೆ. ಹಾಡು ಬಾರದಿದ್ದರೆ ಗೊಂದಲ ಇನ್ನೂ ಹೆಚ್ಚು. ಹೊಸ ಅಡಾಪ್ಟರ್ ಸರಿಯಿದ್ದು, ಜೊತೆಯಲ್ಲೇ ಹಾಕಿದ ಬೇರೆ ಕೇಬಲ್ ಕೆಟ್ಟದ್ದಾಗಿದ್ದರೆ, ಸರಿಯಾದ ಪರಿಹಾರ ಕೈಗೆ ಸಿಕ್ಕಿಯೂ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಒಂದನ್ನು ಬದಲಿಸಿ ನೋಡಬೇಕು. ಫಲ ಸಿಗದಿದ್ದರೆ ಅದನ್ನು ಮೊದಲಿದ್ದಂತೆಯೇ ಇಟ್ಟು ಮುಂದಿನದಕ್ಕೆ ಹೋಗಬೇಕು. ಹಿಂದಿನ ಸ್ಥಿತಿಗೆ ತರುವುದನ್ನೇ ಹೆಚ್ಚಿನವರು ಮರೆಯುತ್ತಾರೆ. ನಾಲ್ಕು ಪ್ರಯತ್ನಗಳಾಗುವಷ್ಟರಲ್ಲಿ ಮೇಜಿನ ಮೇಲಿರುವುದು ಮೊದಲು ಕೆಟ್ಟಿದ್ದ ಜೋಡಣೆಯೇ ಆಗಿರುವುದಿಲ್ಲ. ಏನು ಬದಲಿಸಿದ್ದು, ಏನಾಯಿತು ಎಂದು ಚೀಟಿಯಲ್ಲಿ ಒಂದೊಂದು ಸಾಲು ಬರೆದುಕೊಂಡರೆ ಈ ತಪ್ಪು ಆಗುವುದಿಲ್ಲ.

ಬದಲಿಗೆ ಹಾಕುವ ವಸ್ತು ಸರಿಯಿದೆ ಎಂಬುದೂ ಖಚಿತವಾಗಿರಬೇಕು. ಡ್ರಾಯರಿನ ಮೂಲೆಯಲ್ಲಿ ಸಿಕ್ಕಿದ ಕೇಬಲ್ ಅಲ್ಲಿಗೆ ಏಕೆ ಹೋಯಿತೆಂದು ಯಾರಿಗೂ ನೆನಪಿರುವುದಿಲ್ಲ. ಅದೂ ಕೆಟ್ಟದ್ದೇ ಇರಬಹುದು. ಬೇರೆ ಸಾಧನದಲ್ಲಿ ಈಗತಾನೇ ಕೆಲಸ ಮಾಡಿದ್ದನ್ನು ಕಂಡ ವಸ್ತುವನ್ನಷ್ಟೇ ನಂಬಬಹುದು. ಅಂಗಡಿಯಿಂದ ಹೊಸದಾಗಿ ತಂದದ್ದಕ್ಕೂ ಇದೇ ಮಾತು.

ಒಂದು ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಬಹುದು. 12 ವೋಲ್ಟ್, 2 ಆಂಪಿಯರ್ ಅಡಾಪ್ಟರಿನಿಂದ ನಡೆಯುವ ಚಿಕ್ಕ ಆಂಪ್ಲಿಫೈಯರ್. ಅದಕ್ಕೆ ಎಡಬಲ ಎರಡು ಸ್ಪೀಕರ್. ಮೊಬೈಲಿನ ಹೆಡ್‌ಫೋನ್ ತೂತಿನಿಂದ ಒಂದು ಕೇಬಲ್ ಹೊರಟು, ಆಂಪ್ಲಿಫೈಯರಿನ ಬಳಿ ಬಿಳಿ ಮತ್ತು ಕೆಂಪು ಪಿನ್ನುಗಳಾಗಿ ಕವಲೊಡೆದಿದೆ. ಬಿಳಿ ಎಡಕ್ಕೆ, ಕೆಂಪು ಬಲಕ್ಕೆ. ಒಂದು ದಿನ ಸ್ವಿಚ್ ಒತ್ತಿದರೆ ಲೈಟೂ ಇಲ್ಲ, ಸದ್ದೂ ಇಲ್ಲ.

ಲೈಟ್ ಇಲ್ಲವಾದ್ದರಿಂದ ಹುಡುಕಾಟ ಕರೆಂಟಿನ ದಾರಿಯಲ್ಲಿ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿದರೆ ಚಾರ್ಜ್ ಆಗುತ್ತದೆ, ಹಾಗಾಗಿ ಸಾಕೆಟ್ ಸರಿಯಿದೆ. ಮುಂದಿನದು ಅಡಾಪ್ಟರ್. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಅಡಾಪ್ಟರ್ ಪಿನ್ನಿನ ನಡುವಿನ ತೂತಿಗೂ ಕಪ್ಪು ಕಡ್ಡಿಯನ್ನು ಹೊರಗಿನ ಲೋಹಕ್ಕೂ ತಾಗಿಸಿದರೆ ಮೀಟರ್ 12.1 ತೋರಿಸುತ್ತದೆ. ಇಲ್ಲಿ ಅಡಾಪ್ಟರ್ ಸರಿಯಿದೆ ಎಂದು ತೀರ್ಮಾನಿಸಿ ಆಂಪ್ಲಿಫೈಯರ್ ಬಿಚ್ಚಲು ಹೊರಡುವವರೇ ಹೆಚ್ಚು. ಅದು ಅವಸರದ ತೀರ್ಮಾನ. ಮೀಟರ್ ಎಳೆದುಕೊಳ್ಳುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಅಡಾಪ್ಟರಿನ ಒಳಗೆ ವೋಲ್ಟೇಜನ್ನು ಏರಿಳಿತವಿಲ್ಲದಂತೆ ಹಿಡಿದಿಡುವ ಕೆಪಾಸಿಟರುಗಳು ವರ್ಷಗಳ ಶಾಖಕ್ಕೆ ಒಣಗಿಹೋಗಿದ್ದರೂ, ಭಾರವಿಲ್ಲದಾಗ ಅಂಕೆ ಸರಿಯಾಗಿಯೇ ಕಾಣುತ್ತದೆ. ಆಂಪ್ಲಿಫೈಯರ್ ಕರೆಂಟ್ ಕೇಳಿದ ಕೂಡಲೇ ಅದು ಕುಸಿಯುತ್ತದೆ.

ಹಾಗಾಗಿ ಅಡಾಪ್ಟರಿಗೆ ಕೆಲಸ ಕೊಟ್ಟು ಅಳೆಯಬೇಕು. ಬೈಕಿನ ಇಂಡಿಕೇಟರಿನ 12 ವೋಲ್ಟ್, 10 ವಾಟ್ ಬಲ್ಬ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದು ಸುಮಾರು 0.8 ಆಂಪಿಯರ್ ಎಳೆಯುತ್ತದೆ. ಸಿಸಿಟಿವಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುವ, ಸ್ಕ್ರೂ ತಿರುಗಿಸಿ ವೈರ್ ಹಿಡಿಸುವ ಡಿಸಿ ಕನೆಕ್ಟರಿಗೆ ಬಲ್ಬಿನ ಎರಡು ವೈರುಗಳನ್ನು ಸೇರಿಸಿ, ಅದಕ್ಕೆ ಅಡಾಪ್ಟರ್ ಪಿನ್ ಚುಚ್ಚಿದರಾಯಿತು. ಒಳ್ಳೆಯ ಅಡಾಪ್ಟರಿನಲ್ಲಿ ಬಲ್ಬ್ ಪೂರ್ತಿ ಉರಿಯುತ್ತದೆ, ಮೀಟರ್ 12ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಈ ಉದಾಹರಣೆಯಲ್ಲಿ ಬಲ್ಬಿನ ತಂತಿ ಮಂಕಾಗಿ ಕೆಂಪೇರಿ ಆರುತ್ತದೆ, ಮತ್ತೆ ಕೆಂಪೇರುತ್ತದೆ. ಮೀಟರ್ 5 ವೋಲ್ಟ್‌ಗೆ ಇಳಿದು ಕುಣಿಯುತ್ತದೆ. ಅಡಾಪ್ಟರ್ ಕೆಟ್ಟಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಹೊಸ ಅಡಾಪ್ಟರಿನ ವೋಲ್ಟೇಜ್ ಹಳೆಯದರಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಇರಬಹುದು, ಹೆಚ್ಚಿದ್ದರೂ ತೊಂದರೆಯಿಲ್ಲ, ಏಕೆಂದರೆ ಸಾಧನ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಪಿನ್ನಿನ ನಡುಭಾಗ ಪ್ಲಸ್ಸೋ ಮೈನಸ್ಸೋ ಎಂಬ ಚಿತ್ರ ಎರಡರ ಚೀಟಿಯಲ್ಲೂ ಒಂದೇ ಆಗಿರಬೇಕು. ಇದು ಉಲ್ಟಾ ಆದರೆ, ಒಳಗೆ ರಕ್ಷಣೆಯ ಏರ್ಪಾಡಿಲ್ಲದ ಆಂಪ್ಲಿಫೈಯರ್ ಕ್ಷಣದಲ್ಲಿ ಸುಟ್ಟುಹೋಗಬಹುದು.

ಸರಿಯಾದ ಅಡಾಪ್ಟರ್ ಹಾಕಿದಾಗ ಲೈಟ್ ಹತ್ತುತ್ತದೆ, ಬಲಗಡೆ ಹಾಡು ಬರುತ್ತದೆ, ಆದರೆ ಎಡಗಡೆ ಸದ್ದಿಲ್ಲ. ಹೊಸ ಅಡಾಪ್ಟರಿನಿಂದಲೇ ಹೀಗಾಯಿತು ಎಂದುಕೊಳ್ಳುವುದು ಸುಲಭ. ಅದೇ ಅಡಾಪ್ಟರಿನ ಕರೆಂಟಿನಲ್ಲಿ ಬಲಗಡೆ ಸರಿಯಾಗಿ ಹಾಡುತ್ತಿದೆಯಲ್ಲ. ಎಡಗಡೆಯ ದೋಷ ಮೊದಲಿನಿಂದಲೇ ಇದ್ದು, ಲೈಟ್ ಇಲ್ಲದ ಕಾರಣ ಮರೆಯಲ್ಲಿತ್ತು ಎಂಬುದು ಹೆಚ್ಚು ಸಂಭವನೀಯ. ಹಳೆಯ ಸಾಧನಗಳಲ್ಲಿ ಎರಡು ದೋಷ ಒಟ್ಟಿಗಿರುವುದು ಅಪರೂಪವಲ್ಲ. ಒಂದನ್ನು ಮುಗಿಸಿದ ಮೇಲೆ ಇನ್ನೊಂದನ್ನು ಹೊಸ ಪ್ರಕರಣ ಎಂದೇ ಹಿಡಿಯಬೇಕು.

ಎರಡು ಚಾನೆಲ್ ಇರುವ ಸಾಧನದಲ್ಲಿ ದೊಡ್ಡ ಅನುಕೂಲವೊಂದಿದೆ. ಕೆಟ್ಟ ಬದಿಯನ್ನು ಪರೀಕ್ಷಿಸಲು ಬೇಕಾದ ಒಳ್ಳೆಯ ಭಾಗಗಳೆಲ್ಲ ಪಕ್ಕದಲ್ಲೇ, ಕೆಲಸ ಮಾಡುತ್ತಾ ಇರುತ್ತವೆ. ಅದಲುಬದಲು ಮಾಡಿ ನೋಡಿದರೆ ಸಾಕು. ದಾರಿಯ ತುದಿಗಿಂತ ನಡುವಿನಲ್ಲಿ ಅದಲುಬದಲು ಮಾಡಿದರೆ ಲಾಭ ಹೆಚ್ಚು. ಇಲ್ಲಿ ನಡು ಎಂದರೆ ಆಂಪ್ಲಿಫೈಯರಿನ ಹಿಂಬದಿ, ಬಿಳಿ-ಕೆಂಪು ಪಿನ್ನುಗಳು ಸೇರುವ ಜಾಗ. ವಾಲ್ಯೂಮ್ ತಗ್ಗಿಸಿ, ಆಂಪ್ಲಿಫೈಯರ್ ಆಫ್ ಮಾಡಿ, ಬಿಳಿಯದನ್ನು ಕೆಂಪು ತೂತಿಗೂ ಕೆಂಪನ್ನು ಬಿಳಿ ತೂತಿಗೂ ಹಾಕಿ ಮತ್ತೆ ಆನ್ ಮಾಡಬೇಕು. ಬೇರೇನನ್ನೂ ಮುಟ್ಟಬಾರದು. ಆಮೇಲೂ ಎಡ ಸ್ಪೀಕರೇ ಸುಮ್ಮನಿದ್ದರೆ ದೋಷ ಪಿನ್ನುಗಳ ಆಚೆ, ಅಂದರೆ ಆಂಪ್ಲಿಫೈಯರ್ ಅಥವಾ ಸ್ಪೀಕರಿನ ಕಡೆ ಇದೆ. ಮೌನ ಬಲಗಡೆಗೆ ಹೋದರೆ ದೋಷ ಈಚೆ, ಕೇಬಲಿನಲ್ಲೋ ಮೊಬೈಲಿನಲ್ಲೋ ಇದೆ.

ಈ ಉದಾಹರಣೆಯಲ್ಲಿ ಎಡಗಡೆ ಹಾಡು ಬಂತು, ಬಲಗಡೆ ನಿಂತಿತು. ಆಂಪ್ಲಿಫೈಯರಿನ ಎರಡೂ ಚಾನೆಲ್, ಎರಡೂ ಸ್ಪೀಕರ್, ಅವುಗಳ ವೈರು ಸರಿಯಿವೆ ಎಂದು ಸ್ಕ್ರೂಡ್ರೈವರ್ ಮುಟ್ಟದೆಯೇ ತಿಳಿಯಿತು. ಪಿನ್ನುಗಳನ್ನು ಮೊದಲಿನಂತೆ ಹಾಕಿ, ಕೇಬಲ್ ಕಿತ್ತು, ಸರಿಯಿದೆ ಎಂದು ಗೊತ್ತಿರುವ ಹೆಡ್‌ಫೋನನ್ನು ಮೊಬೈಲಿಗೆ ಹಾಕಿದರೆ ಎರಡೂ ಕಿವಿಗೆ ಹಾಡು ಕೇಳುತ್ತದೆ. ಮೊಬೈಲಿನ ಎಡಬಲ ಬ್ಯಾಲೆನ್ಸ್ ಒಂದೇ ಕಡೆಗೆ ಸರಿದಿದ್ದರೆ ಅದೂ ಇಲ್ಲೇ ಸಿಕ್ಕಿಬೀಳುತ್ತಿತ್ತು. ಉಳಿದದ್ದು ಕೇಬಲ್ ಮಾತ್ರ.

ಅದನ್ನೂ ಬಿಸಾಡುವ ಮುನ್ನ ಖಚಿತಪಡಿಸಿಕೊಳ್ಳಬಹುದು. ಮಲ್ಟಿಮೀಟರನ್ನು ಬೀಪ್ ಬರುವ ಸ್ಥಾನಕ್ಕೆ ತಿರುಗಿಸಿ, ಒಂದು ಕಡ್ಡಿಯನ್ನು ಮೊಬೈಲಿಗೆ ಹಾಕುವ ಪಿನ್ನಿನ ತುದಿಗೂ ಇನ್ನೊಂದನ್ನು ಬಿಳಿ ಪಿನ್ನಿನ ನಡುಕಡ್ಡಿಗೂ ತಾಗಿಸಬೇಕು. ಎಡಗಡೆಯ ಸದ್ದು ಹಾಯುವುದು ಈ ತುದಿಯಲ್ಲಿ. ಅದರ ಹಿಂದಿನ ಉಂಗುರ ಬಲಗಡೆಯದು, ಬುಡದ ಭಾಗ ಎರಡಕ್ಕೂ ಸೇರಿದ ಗ್ರೌಂಡ್. ಬೀಪ್ ಬರುವುದಿಲ್ಲ. ಮೊಬೈಲ್ ಪಿನ್ನಿನ ಕುತ್ತಿಗೆಯ ಬಳಿ ವೈರನ್ನು ಒಂದು ಬದಿಗೆ ಬಾಗಿಸಿದರೆ ಬೀಪ್ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಮೇಲಿನ ರಬ್ಬರ್ ಗಟ್ಟಿಯಾಗಿದ್ದರೂ ಒಳಗಿನ ತಾಮ್ರದ ಎಳೆ ದಿನನಿತ್ಯದ ಬಾಗುವಿಕೆಗೆ ಕಡಿದಿದೆ. ಆಡಿಯೋ ಕೇಬಲುಗಳು ಹೆಚ್ಚಾಗಿ ಕಡಿಯುವುದು ಇಲ್ಲಿಯೇ.

ಮೌನ ಎಡಗಡೆಯೇ ಉಳಿದಿದ್ದರೆ ಮುಂದಿನ ಹೆಜ್ಜೆ ಸ್ಪೀಕರ್ ವೈರುಗಳ ಅದಲುಬದಲು. ಆಗಲೂ ಆಂಪ್ಲಿಫೈಯರ್ ಆಫ್ ಇರಬೇಕು, ವೈರಿನ ಬಿಡಿ ಎಳೆ ಪಕ್ಕದ ಟರ್ಮಿನಲ್ಲಿಗೆ ತಾಗಬಾರದು. ಸ್ಪೀಕರನ್ನು ಬೇರೆಯಾಗಿ ನೋಡಲು ಅದರ ವೈರುಗಳನ್ನು ಪೂರ್ತಿ ಬಿಡಿಸಿ, 1.5 ವೋಲ್ಟಿನ ಪೆನ್ ಸೆಲ್ಲಿನ ಎರಡು ತುದಿಗೆ ಅರೆಕ್ಷಣ ತಾಗಿಸಿದರೆ ಸಾಕು. ಸರಿಯಿರುವ ಸ್ಪೀಕರ್ ‘ಟಕ್’ ಎನ್ನುತ್ತದೆ.

ಬೇರೆ ಸಾಧನಗಳಲ್ಲೂ ಕ್ರಮ ಇದೇ, ನಡು ಎಲ್ಲಿದೆ ಎಂಬುದು ಮಾತ್ರ ಬೇರೆ. ಲೈಟ್ ಹತ್ತಿಯೂ ಮೂಕವಾದ ರೇಡಿಯೋಗೆ ಹೆಡ್‌ಫೋನ್ ಹಾಕಿ ನೋಡುವುದೇ ನಡುವಿನ ಪರೀಕ್ಷೆ. ಹೆಡ್‌ಫೋನಿನಲ್ಲಿ ಹಾಡು ಬಂದರೆ ಒಳಗಿನ ಬಹುಪಾಲು ಸರಿಯಿದೆ. ಕೆಟ್ಟಿದ್ದು ಸ್ಪೀಕರ್, ಅದರ ವೈರು ಅಥವಾ ಹೆಡ್‌ಫೋನ್ ತೂತಿನೊಳಗಿನ ಚಿಕ್ಕ ಸ್ವಿಚ್. ಪಿನ್ ಹಾಕಿದಾಗ ಸ್ಪೀಕರನ್ನು ಕಡಿಯುವ ಆ ಸ್ವಿಚ್ಚಿನ ತಗಡು ಕಿಲುಬು ಹಿಡಿದರೆ, ಪಿನ್ ತೆಗೆದ ಮೇಲೂ ಸ್ಪೀಕರಿಗೆ ದಾರಿ ತೆರೆಯುವುದಿಲ್ಲ. ರೇಡಿಯೋ ಆಫ್ ಮಾಡಿ ಪಿನ್ನನ್ನು ಹತ್ತಾರು ಸಲ ಹಾಕಿ ತೆಗೆದರೆ ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುತ್ತದೆ.

ಪೆಟ್ಟಿಗೆಯ ಹೊರಗಿನ ಈ ಪರೀಕ್ಷೆಗಳೆಲ್ಲ ಕಡಿಮೆ ವೋಲ್ಟೇಜಿನವು, ಯಾರು ಬೇಕಾದರೂ ಮಾಡಬಹುದು. ಅಡಾಪ್ಟರಿನ ಒಳಗೆ, ಮತ್ತು ಗೋಡೆಗೆ ನೇರವಾಗಿ ಚುಚ್ಚುವ ದೊಡ್ಡ ಆಂಪ್ಲಿಫೈಯರಿನ ಒಳಗೆ, 230 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರಬಹುದು. ಅದನ್ನು ಹೊಸಬರು ಬಿಚ್ಚಬಾರದು. ಹೊರಗಿನಿಂದಲೇ ತೆಗೆಯಬಹುದಾದ ಫ್ಯೂಸ್ ಇದ್ದರೆ, ಪ್ಲಗ್ ಕಿತ್ತು, ಅಷ್ಟೇ ಆಂಪಿಯರಿನದನ್ನು ಒಮ್ಮೆ ಹಾಕಿ ನೋಡಬಹುದು. ಅದೂ ಕೂಡಲೇ ಹೋದರೆ ಒಳಗೆ ಶಾರ್ಟ್ ಇದೆ. ದಪ್ಪ ಫ್ಯೂಸ್ ಅಥವಾ ತಾಮ್ರದ ತಂತಿ ಸುತ್ತಿದರೆ ಬೆಂಕಿ ಹತ್ತಬಹುದು. ಬ್ಲೂಟೂತ್ ಸ್ಪೀಕರಿನ ಲಿಥಿಯಂ ಬ್ಯಾಟರಿ ಉಬ್ಬಿದ್ದರೆ ಅದನ್ನು ಚಾರ್ಜಿಗೆ ಹಾಕಬಾರದು, ಒತ್ತಬಾರದು, ಚುಚ್ಚಬಾರದು. ಸುಟ್ಟ ವಾಸನೆ ಬಂದ ಸಾಧನಕ್ಕೆ ಮತ್ತೆ ಕರೆಂಟ್ ಕೊಟ್ಟು ನೋಡುವುದೂ ಬೇಡ. ಇಂಥವನ್ನು ರಿಪೇರಿಗೆ ಒಯ್ಯುವಾಗ ಪರೀಕ್ಷೆಗಳನ್ನು ಬರೆದ ಚೀಟಿಯನ್ನೂ ಕೊಟ್ಟರೆ, ಹೊರಗೆ ನೋಡಿ ಆಗಿರುವುದನ್ನು ಮೆಕ್ಯಾನಿಕ್ ಮತ್ತೆ ನೋಡಬೇಕಾಗುವುದಿಲ್ಲ.