ಮೂರು ಹೂ, ಒಂದು ದಂಡದ ಲೆಕ್ಕ

ಐರಿಸ್ ಹೂಗಳಲ್ಲಿ ಸೆಟೋಸಾ ಜಾತಿಯನ್ನು ಗುರುತಿಸುವುದು ಕಷ್ಟವಲ್ಲ. ಅದರ ಎಸಳು ತೀರಾ ಗಿಡ್ಡ. ಪೇಚಾಟವೆಲ್ಲ ಉಳಿದೆರಡರದು: ವರ್ಸಿಕಲರ್ ಮತ್ತು ವರ್ಜಿನಿಕಾ. ಅಳತೆಪಟ್ಟಿ ಹಿಡಿದು ಕೂತರೂ ಕೆಲವು ಹೂಗಳು ಯಾವ ಕಡೆಗೆ ಸೇರಿದವೆಂದು ಹೇಳಲಾಗದು. ಸಸ್ಯವಿಜ್ಞಾನಿ ಎಡ್ಗರ್ ಆಂಡರ್ಸನ್ ಕಲೆಹಾಕಿದ ಈ ಅಳತೆಗಳನ್ನು, ಜಾತಿಗೆ 50ರಂತೆ 150 ಹೂಗಳದ್ದನ್ನು, ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1936ರಲ್ಲಿ ತಮ್ಮ ಪ್ರಬಂಧವೊಂದರಲ್ಲಿ ಬಳಸಿದರು. ಕಂಪ್ಯೂಟರಿಗೆ ವಿಂಗಡಣೆ ಕಲಿಸುವವರು ಇಂದಿಗೂ ಮೊದಲು ಕೈಗೆತ್ತಿಕೊಳ್ಳುವುದು ಬಹುಮಟ್ಟಿಗೆ ಇದೇ ಪಟ್ಟಿಯನ್ನು.

ಕಲಿಯುವ ಯಂತ್ರ ತಪ್ಪಿದಾಗ ದಂಡ ಹಾಕಬೇಕು. ಎಷ್ಟು? ಆ ಮೊತ್ತಕ್ಕೆ ಕ್ರಾಸ್ ಎಂಟ್ರೊಪಿ ನಷ್ಟ ಎಂದು ಹೆಸರು. ಹೆಸರು ದೊಡ್ಡದು, ಲೆಕ್ಕ ಮಾತ್ರ ಒಂದು ಕಾಗದ ಮತ್ತು ಫೋನಿನ ಕ್ಯಾಲ್ಕುಲೇಟರಿನಲ್ಲಿ ಮುಗಿಯುವಂಥದ್ದು.

ಒಂದು ಹೂವನ್ನು ನೋಡಿ ಯಂತ್ರ ಸೆಟೋಸಾಗೆ 0, ವರ್ಸಿಕಲರ್‌ಗೆ 2, ವರ್ಜಿನಿಕಾಗೆ 1 ಅಂಕ ಕೊಟ್ಟಿತೆಂದುಕೊಳ್ಳೋಣ. ಲೆಕ್ಕ ಸಲೀಸಾಗಲೆಂದು ಆರಿಸಿದ ಅಂಕಗಳಿವು. ಇವನ್ನು ಮೊದಲು ಸಂಭವನೀಯತೆಗಳಾಗಿ ಬದಲಿಸಬೇಕು. ಅದಕ್ಕೆ 2.718 ಎಂಬ e ಸಂಖ್ಯೆಯನ್ನು ಆಯಾ ಅಂಕದ ಘಾತಕ್ಕೆ ಏರಿಸುತ್ತಾರೆ: 1, 7.389, 2.718. ಕೂಡಿದರೆ 11.107. ಒಂದೊಂದನ್ನೂ ಈ ಮೊತ್ತದಿಂದ ಭಾಗಿಸಿದಾಗ ಸಿಗುವುದು 0.090, 0.665, 0.245. ಮೂರೂ ಸೇರಿ ಒಂದು. ಈ ಹೆಜ್ಜೆಗೆ ಸಾಫ್ಟ್‌ಮ್ಯಾಕ್ಸ್ ಎನ್ನುತ್ತಾರೆ.

ಹೂವು ನಿಜಕ್ಕೂ ವರ್ಸಿಕಲರ್ ಆಗಿದ್ದರೆ 0.665ನ್ನು ಮಾತ್ರ ಇಟ್ಟುಕೊಂಡು ಉಳಿದೆರಡನ್ನು ಬದಿಗಿಡಬೇಕು. ಕ್ಯಾಲ್ಕುಲೇಟರಿನ ln ಗುಂಡಿ ಒತ್ತಿದರೆ −0.408 ಬರುತ್ತದೆ. ಋಣಚಿಹ್ನೆ ತೆಗೆದರೆ ದಂಡ 0.408. ಅದೇ ಅಂಕಗಳಿದ್ದು ಹೂವು ವರ್ಜಿನಿಕಾ ಆಗಿದ್ದರೆ? ಆಗ ನೋಡಬೇಕಾದ್ದು 0.245. ದಂಡ 1.408ಕ್ಕೆ ಏರುತ್ತದೆ. ಎರಡೂ ಬಗೆಯ ಒಂದೊಂದು ಹೂವಿದ್ದರೆ ಸರಾಸರಿ 0.908.

ಒಂದರಿಂದ ಸಂಭವನೀಯತೆಯನ್ನು ಕಳೆದು ಅದನ್ನೇ ದಂಡ ಎನ್ನಬಹುದಿತ್ತಲ್ಲ, ಲಾಗರಿದಮ್ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಕಾರಣ ಗುಣಾಕಾರದಲ್ಲಿದೆ. ಎರಡು ಹೂಗಳನ್ನೂ ಸರಿಯಾಗಿ ಹೇಳುವ ಸಂಭವ 0.665 ಮತ್ತು 0.245ರ ಗುಣಲಬ್ಧ. 150 ಹೂಗಳಿಗೆ ಹೀಗೆ ಗುಣಿಸುತ್ತ ಹೋದರೆ ಸಂಖ್ಯೆ ಸವೆದು ಕಾಣದಂತಾಗುತ್ತದೆ. ಲಾಗರಿದಮ್ ಆ ಗುಣಾಕಾರವನ್ನು ಕೂಡುವ ಲೆಕ್ಕವಾಗಿಸುತ್ತದೆ. ಜೊತೆಗೆ ಇನ್ನೊಂದು ಪರಿಣಾಮವೂ ಉಂಟು: ಸರಿಯುತ್ತರಕ್ಕೆ ಕೇವಲ 0.001 ಕೊಟ್ಟು ಧೈರ್ಯವಾಗಿ ತಪ್ಪಿದರೆ ದಂಡ 6.908. ನಮ್ಮ ಮೊದಲ ಹೂವಿನಂಥ 17 ಹೂಗಳ ದಂಡಕ್ಕೆ ಇದು ಹೆಚ್ಚುಕಡಿಮೆ ಸಮ. ಆದ್ದರಿಂದಲೇ ಯಾರೋ ಹೂವಿಗೆ ತಪ್ಪು ಹೆಸರು ಬರೆದಿಟ್ಟಿದ್ದರೆ ಆ ಒಂದೇ ಸಾಲು ಇಡೀ ಸರಾಸರಿಯನ್ನು ಕೆಡಿಸಬಲ್ಲದು. ದಂಡ ಹೆಚ್ಚಿರುವ ಹೂಗಳನ್ನು ಹೆಕ್ಕಿ ಕಣ್ಣಾರೆ ನೋಡುವುದು ಒಳ್ಳೆಯ ರೂಢಿ.

ಕೈಲೆಕ್ಕದ ನಿಜವಾದ ಲಾಭ ಪರದೆಯ ಮುಂದೆ ಕೂತಾಗ ತಿಳಿಯುತ್ತದೆ. ಏನೂ ಕಲಿಯದ ಯಂತ್ರ ಮೂರಕ್ಕೂ ಮೂರನೇ ಒಂದು ಪಾಲು ಕೊಡುತ್ತದೆ. ಆಗಿನ ದಂಡ ln 3, ಅಂದರೆ 1.099. ತರಬೇತಿ ಇದರ ಆಸುಪಾಸಿನಲ್ಲಿ ಶುರುವಾಗಬೇಕು. ಬಹಳ ಹೊತ್ತಾದರೂ ಅಲ್ಲೇ ನಿಂತಿದ್ದರೆ ಯಂತ್ರ ಏನನ್ನೂ ಕಲಿತಿಲ್ಲ.

ಇನ್ನೊಂದು ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಪೈಟಾರ್ಚ್‌ನ `CrossEntropyLoss` ಸಾಫ್ಟ್‌ಮ್ಯಾಕ್ಸನ್ನು ತಾನೇ ಮಾಡಿಕೊಳ್ಳುತ್ತದೆ. ಅದಕ್ಕೆ ಹಸಿ ಅಂಕಗಳನ್ನೇ ಕೊಡಬೇಕು. ಹೊಸಬರು ಮೊದಲೇ ಸಾಫ್ಟ್‌ಮ್ಯಾಕ್ಸ್ ಮಾಡಿ ಕೊಟ್ಟುಬಿಡುತ್ತಾರೆ. ಪ್ರೋಗ್ರಾಂ ಗೊಣಗದೆ ಓಡುತ್ತದೆ, ದಂಡವೂ ಇಳಿಯುತ್ತದೆ, ಆದರೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆ ಮಟ್ಟವನ್ನೂ ಕೈಯಲ್ಲೇ ಕಂಡುಹಿಡಿಯಬಹುದು. ಯಂತ್ರ ಸರಿಯುತ್ತರಕ್ಕೆ ಪೂರ್ತಿ 1, ಉಳಿದವಕ್ಕೆ 0 ಕೊಟ್ಟರೂ ಎರಡನೇ ಸಲದ ಸಾಫ್ಟ್‌ಮ್ಯಾಕ್ಸ್ 2.718ನ್ನು 4.718ರಿಂದ ಭಾಗಿಸುತ್ತದೆ. ಸಿಗುವುದು 0.576, ಅದರ ದಂಡ 0.551. ಮೂರು ವರ್ಗಗಳ ಲೆಕ್ಕದಲ್ಲಿ ದಂಡ 0.55ರ ಹತ್ತಿರ ಬಂದು ಕೆಳಗಿಳಿಯಲು ಒಪ್ಪದಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಪರೀಕ್ಷಿಸಲು ನಮ್ಮ ಹೂವೇ ಸಾಕು:

```python
import torch
a = torch.tensor([[0., 2., 1.]])
y = torch.tensor([1])
f = torch.nn.CrossEntropyLoss()
print(f(a, y))
print(f(a.softmax(1), y))
```

ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ `y` ಒಳಗಿನ 1 ಎಂದರೆ ವರ್ಸಿಕಲರ್. ಮೊದಲ ಸಾಲಿನಲ್ಲಿ ಸುಮಾರು 0.408 ಬರುತ್ತದೆ, ಕಾಗದದ ಮೇಲೆ ಬಂದ ಉತ್ತರವೇ. ಎರಡನೆಯದರಲ್ಲಿ ಅದೇ ಹೂವಿಗೆ ಸುಮಾರು 0.797.