ಜ್ವರ ಬಂದು ಎಷ್ಟು ದಿನವಾಯಿತು?

ಎಂಬಿಬಿಎಸ್ ಎರಡನೇ ವರ್ಷದವರು ಪರೀಕ್ಷೆ ಹತ್ತಿರವಾದಂತೆ ಹೆಚ್ಚು ಹೆದರುವ ವಿಷಯಗಳಲ್ಲಿ ಮೈಕ್ರೋಬಯಾಲಜಿಯೂ ಒಂದು. ತಲಾ 100 ಅಂಕದ ಎರಡು ಪತ್ರಿಕೆ, ಒಂದೊಂದಕ್ಕೂ ಮೂರು ಗಂಟೆ. ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ, ಪರಾವಲಂಬಿ ಎಂದು ಹೆಸರುಗಳ ರಾಶಿಯೇ ಇರುವುದರಿಂದ ಹೆಚ್ಚಿನವರು ಮೊದಲ ಅಧ್ಯಾಯದಿಂದ ಮತ್ತೆ ಓದಲು ಕೂರುತ್ತಾರೆ. ಹೈಲೈಟರ್ ಬಳಿದ ಪುಟ ಕಂಡೊಡನೆ ಎಲ್ಲ ಗೊತ್ತು ಅನ್ನಿಸುತ್ತದೆ. ಪುಸ್ತಕ ಮುಚ್ಚಿ ಖಾಲಿ ಹಾಳೆ ಎದುರಿಗಿಟ್ಟುಕೊಂಡರೆ ನಾಲ್ಕು ಸಾಲು ಮೂಡುವುದೂ ಕಷ್ಟ.

ನಾಲ್ಕು ವಾರ ಉಳಿದಿದೆ ಎಂದಿಟ್ಟುಕೊಳ್ಳೋಣ. ಈಗಿನ ಪಠ್ಯಕ್ರಮದಲ್ಲಿ ದೊಡ್ಡ ಪ್ರಶ್ನೆ ಸಾಮಾನ್ಯವಾಗಿ ರೋಗಿಯ ಕಥೆಯಾಗಿ ಬರುತ್ತದೆ. ಹಾಗಾಗಿ ಪುನರಾವರ್ತನೆಯೂ ರೋಗಾಣುವಿನ ಹೆಸರಿನಿಂದಲ್ಲ, ರೋಗಿಯ ತೊಂದರೆಯಿಂದ ಶುರುವಾಗಬೇಕು: ದಿನಗಟ್ಟಲೆ ಬಿಡದ ಜ್ವರ, ಭೇದಿ, ಕೆಮ್ಮು, ಮೆದುಳುಪೊರೆಯ ಉರಿಯೂತ, ಮೂತ್ರನಾಳದ ಸೋಂಕು. ಮೊದಲ ಎರಡು ವಾರ ದಿನಕ್ಕೊಂದು ತೊಂದರೆ. ಮೊದಲು ನೆನಪಿನಿಂದ ಬರೆಯಿರಿ, ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಮತ್ತೊಮ್ಮೆ ಆ ಕೆಂಪು ಭಾಗವನ್ನಷ್ಟೇ ಬರೆದು ನೋಡಿದರೆ ಸಾಕು.

ಒಂದು ಉದಾಹರಣೆ ನೋಡೋಣ. 28 ವರ್ಷದ ಮಹಿಳೆಗೆ ಹತ್ತು ದಿನದಿಂದ ಜ್ವರ, ಪ್ರತಿದಿನ ಮೆಟ್ಟಿಲು ಹತ್ತಿದಂತೆ ಏರಿದೆ. ನಾಲಿಗೆಯ ಮೇಲೆ ಬಿಳಿಯ ಪದರ, ಹೊಟ್ಟೆನೋವು. ಟೈಫಾಯಿಡ್ ಎಂದು ಗುರುತಿಸುವುದು ಕಷ್ಟವಲ್ಲ, ಸಾಲ್ಮೊನೆಲ್ಲಾ ಟೈಫಿ ಎಂದು ಎಲ್ಲರೂ ಬರೆಯುತ್ತಾರೆ. ಅಂಕ ಹೋಗುವುದು ಪ್ರಯೋಗಾಲಯದ ಪತ್ತೆ ಎಂಬ ಭಾಗದಲ್ಲಿ. ಅಲ್ಲಿ ‘ಬ್ಲಡ್ ಕಲ್ಚರ್, ವಿಡಾಲ್, ಸ್ಟೂಲ್ ಕಲ್ಚರ್’ ಎಂದು ಪಟ್ಟಿ ಮಾಡಿ ಮುಗಿಸಿದ ಉತ್ತರಕ್ಕೆ ಅರ್ಧ ಅಂಕವೂ ಸಿಗುವುದು ಕಷ್ಟ, ಸಿಗಬಾರದು ಕೂಡ. ಪ್ರಶ್ನೆಯಲ್ಲಿ ‘ಹತ್ತು ದಿನ’ ಎಂದು ಕೊಟ್ಟಿರುವುದಕ್ಕೆ ಕಾರಣವಿದೆ.

ಮೊದಲ ವಾರ ರೋಗಾಣು ರಕ್ತದಲ್ಲಿ ಹೇರಳ. ಆಗ ಬ್ಲಡ್ ಕಲ್ಚರ್ ಮಾಡಿದರೆ ಹತ್ತರಲ್ಲಿ ಸುಮಾರು ಒಂಬತ್ತು ರೋಗಿಗಳಲ್ಲಿ ಸಿಗುತ್ತದೆ ಎಂಬುದು ಪಠ್ಯಪುಸ್ತಕದ ಲೆಕ್ಕ, ಆಮೇಲೆ ಅದು ಇಳಿಯುತ್ತಾ ಬರುತ್ತದೆ. ಎರಡನೇ ವಾರದಿಂದ ಪ್ರತಿಕಾಯಗಳು ಕಾಣಿಸಿಕೊಳ್ಳುವುದರಿಂದ ವಿಡಾಲ್‌ಗೆ ಅರ್ಥ ಬರುತ್ತದೆ. ಮಲದಲ್ಲಿ ಮೂರನೇ ವಾರದ ಹೊತ್ತಿಗೆ ಹೆಚ್ಚು, ಮೂತ್ರದಲ್ಲಿ ಇನ್ನೂ ತಡ. ನಮ್ಮ ರೋಗಿ ಎರಡನೇ ವಾರದಲ್ಲಿದ್ದಾಳೆ, ಅಂದರೆ ಬ್ಲಡ್ ಕಲ್ಚರನ್ನೂ ಬಿಡುವಂತಿಲ್ಲ. 10 ಮಿಲಿಲೀಟರ್ ರಕ್ತವನ್ನು ಸುಮಾರು 100 ಮಿಲಿಲೀಟರ್ ಬ್ರಾತ್‌ಗೆ ಹಾಕುತ್ತಾರೆ. ರಕ್ತದಲ್ಲೇ ಇರುವ ಬ್ಯಾಕ್ಟೀರಿಯಾ ತಡೆಯುವ ಅಂಶಗಳು ತೆಳುವಾಗಲಿ ಎಂಬುದು ಅದರ ಉದ್ದೇಶ. ಈ ಕಾರಣ ಬರೆದ ಉತ್ತರವೂ ಬರೆಯದ ಉತ್ತರವೂ ಪರೀಕ್ಷಕರಿಗೆ ಒಂದೇ ಅಲ್ಲ. ಮೆಕಾಂಕಿ ಅಗರ್ ಮೇಲೆ ಬಣ್ಣವಿಲ್ಲದ ಕಾಲೊನಿಗಳು ಬೆಳೆಯುತ್ತವೆ, ಏಕೆಂದರೆ ಈ ಬ್ಯಾಕ್ಟೀರಿಯಾ ಲ್ಯಾಕ್ಟೋಸನ್ನು ಹುದುಗಿಸುವುದಿಲ್ಲ.

ವಿಡಾಲ್ ಬಗ್ಗೆ ಬರೆಯುವಾಗ ಅದರ ಮಿತಿಯನ್ನು ಬಿಡಬಾರದು. ಟೈಫಾಯಿಡ್ ಸಾಮಾನ್ಯವಾಗಿರುವ ನಮ್ಮಂಥ ಊರುಗಳಲ್ಲಿ ಆರೋಗ್ಯವಂತರಲ್ಲೂ ಸ್ವಲ್ಪ ಪ್ರತಿಕಾಯ ಇರುತ್ತದೆ, ಹಿಂದಿನ ಸೋಂಕಿನಿಂದಲೂ ಕೆಲವು ಲಸಿಕೆಗಳಿಂದಲೂ ಅದು ಏರಿರಬಹುದು. ಆದ್ದರಿಂದ ಒಂದೇ ಸಲದ ಫಲಿತಾಂಶಕ್ಕಿಂತ, ವಾರ ಹತ್ತು ದಿನದ ಅಂತರದ ಎರಡು ಮಾದರಿಗಳಲ್ಲಿ ನಾಲ್ಕು ಪಟ್ಟು ಏರಿಕೆ ಕಂಡರೆ ನಂಬಬಹುದು. ರೋಗಿ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ನುಂಗಿದ್ದರೆ ಅಸ್ಥಿಮಜ್ಜೆಯ ಕಲ್ಚರ್‌ನಲ್ಲಿ ರೋಗಾಣು ಸಿಗುವ ಸಾಧ್ಯತೆ ಹೆಚ್ಚು. ಆದರೆ ಅದು ನೋವಿನ ಪರೀಕ್ಷೆ, ಎಲ್ಲರಿಗೂ ಮಾಡುವುದಲ್ಲ.

‘ಎಷ್ಟನೇ ದಿನ?’ ಎಂಬ ಇದೇ ಪ್ರಶ್ನೆಯನ್ನು ಬೇರೆ ಜ್ವರಗಳಿಗೂ ಕೇಳಿ. ಡೆಂಗಿಯಲ್ಲಿ ಮೊದಲ ಐದು ದಿನ ಎನ್‌ಎಸ್1 ಆ್ಯಂಟಿಜೆನ್, ಆಮೇಲೆ ಐಜಿಎಂ ಪ್ರತಿಕಾಯ. ಇಲಿಜ್ವರದಲ್ಲಿ ಮೊದಲ ವಾರ ರಕ್ತ, ಬಳಿಕ ಮೂತ್ರ. ಮೂರನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದರೆ ಗೊಂದಲಕ್ಕೆ ಎಡೆಯಿರುವುದಿಲ್ಲ.

ಮೂರನೇ ವಾರ ಸ್ಟೆರಿಲೈಸೇಶನ್, ಇಮ್ಯುನಾಲಜಿಯಂಥ ಸಾಮಾನ್ಯ ಭಾಗಕ್ಕೆ. ಇವು ಹೆಚ್ಚಾಗಿ ಚಿಕ್ಕ ಪ್ರಶ್ನೆಗಳು. ಆಟೋಕ್ಲೇವ್‌ಗೆ 121 ಡಿಗ್ರಿ, 15 ನಿಮಿಷ ಎಂಬಂಥವು ತಪ್ಪಿಲ್ಲದೆ ನೆನಪಿದ್ದರೆ ಸಾಕು.

ಕೊನೆಯ ವಾರ ಗಡಿಯಾರ ಮುಂದಿಟ್ಟುಕೊಂಡು ಹಳೆಯ ಪತ್ರಿಕೆ ಬರೆಯಿರಿ. 180 ನಿಮಿಷದಲ್ಲಿ ಓದಲು, ತಿರುಗಿ ನೋಡಲು 20 ಕಳೆದರೆ ಅಂಕಕ್ಕೆ ಒಂದೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ: ಹತ್ತು ಅಂಕಕ್ಕೆ 16, ಐದಕ್ಕೆ ಎಂಟು. ಮೊದಲ ದೊಡ್ಡ ಪ್ರಶ್ನೆಗೇ ಅರ್ಧ ಗಂಟೆ ಕೊಟ್ಟವರು ಕೊನೆಯ ಚಿಕ್ಕ ಪ್ರಶ್ನೆಗಳನ್ನು ಬಿಡಬೇಕಾಗುತ್ತದೆ. ಗೊತ್ತಿದ್ದೂ ಬಿಟ್ಟ ಮೂರು ಮೂರು ಅಂಕದ ನಾಲ್ಕು ಉತ್ತರ ಎಂದರೆ ಹನ್ನೆರಡು ಅಂಕ, ಒಂದು ದೊಡ್ಡ ಪ್ರಶ್ನೆಗಿಂತ ಹೆಚ್ಚು.